ಎರಡನೇ ಸಾಲು, ಎಡಕಿನಿಂದ ನಾಲ್ಕನೇದಾಕಿ

ಮದುವೆ ಸೀಜನ್ನಿಗಿಂತ ಮೊದಲು ನಮ್ಮಂಥ ಊರ ಸ್ಟುಡಿಯೋದವರಿಗೆ ಇನ್ನೊಂದು ಸೀಜನ್ ಇರುತ್ತದೆ. ಅದು ಸಾಲಿ ಸೀಜನ್. ಜನವರಿ ದಾಟಿದರೆ ಸಾಕು, ಶಿಗ್ಲಿಯದೊಂದು ಸಾಲಿ, ಗೊಜನೂರಿನದೊಂದು, ಸೂರಣಗಿಯದೊಂದು ಅಂತ ಕರೆ ಬರುತ್ತವೆ. ಬೆಂಚು ಜೋಡಿಸು, ಎತ್ತರದವರನ್ನು ಹಿಂದೆ ನಿಲ್ಲಿಸು, ಮಾಸ್ತರರಿಗೆ ಕುರ್ಚಿ ಹಾಕು, ಕಣ್ಣು ಮುಚ್ಚಿದವರ ಸಲುವಾಗಿ ಮತ್ತೊಮ್ಮೆ ಕ್ಲಿಕ್ ಮಾಡು. ಇಷ್ಟು ಮುಗಿದರೆ ಕೆಲಸ ಮುಗಿಯಿತು ಅಂತ ಹೊರಗಿನವರು ತಿಳಿದಿರುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಫೋಟೋ ಪಾಲಕರ ಗ್ರೂಪಿಗೆ ಹೋದ ಮೇಲೆ.

ಬರುವ ಸಂದೇಶಗಳು ನಾನಾ ನಮೂನೆಯವು. ‘ನಮ್ಮ ಹುಡುಗನ್ನ ಮುಂದಿನ ಸಾಲಿಗೆ ತರ್ರಿ’ ಅನ್ನುವವರಿದ್ದಾರೆ. ‘ಅವನ ಬಾಜೂಕ ನಿಂತಾನಲ್ಲ, ಅವನ್ನ ತೆಗೀರಿ’ ಅಂದವರೂ ಇದ್ದಾರೆ. ‘ಡ್ರೆಸ್ ಕಲರ್ ಚೇಂಜ್’ ಅಂತ ಮೂರೇ ಪದ ಬರೆದು, ಯಾರ ಡ್ರೆಸ್ಸು, ಯಾವ ಕಲರು ಅನ್ನುವುದನ್ನು ನಮ್ಮ ದಿವ್ಯದೃಷ್ಟಿಗೆ ಬಿಟ್ಟವರೂ ಇದ್ದಾರೆ. ಹೀಗಿರುವಾಗ ಹೋದ ಸಾಲಿನಲ್ಲಿ ಬಂದ ಒಂದು ಸಂದೇಶವನ್ನು ನಾನು ಇನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ. ಅದು ಹೀಗಿತ್ತು:

‘ಸರ, ನಮಸ್ಕಾರ್ರಿ. ಏಳನೇತ್ತಾ ಫೋಟೋದಾಗ ಎರಡನೇ ಸಾಲಿನಾಗ ಎಡಕಿನಿಂದ ನಾಲ್ಕನೇದಾಕಿ ನಮ್ಮ ಮಗಳ್ರಿ. ಕೆಂಪ ಖಣದ ಪೋಲಕಾ ಹಾಕ್ಯಾಳ. ಎಲ್ಲಾರೂ ಯೂನಿಫಾರ್ಮಿನಾಗ ಅದಾರ, ಆಕಿ ಒಬ್ಬಾಕಿನ ಬ್ಯಾರೆ ಕಾಣ್ತಾಳ್ರಿ. ನಿಮಗ ಆಗೂ ಹಂಗಿದ್ರ ಆಕಿ ಅಂಗಿ ಬಣ್ಣ ಬಾಜೂಕ ನಿಂತ ಹುಡುಗಿ ಅಂಗಿ ಹಂಗ ಮಾಡಿ ಕೊಡ್ರಿ. ಎಷ್ಟ ಆಕ್ಕೈತಿ ಹೇಳ್ರಿ, ಕೊಡ್ತೀನಿ. ಹೆಡ್‌ಮಾಸ್ತರಿಗೆ ಕೇಳೇನಿ, ಹೂಂ ಅಂದಾರ. ಗಡಿಬಿಡಿ ಏನಿಲ್ರಿ.’

ಈ ಸಂದೇಶದ ನಯವನ್ನು ನೀವು ಮೆಚ್ಚಬಹುದು. ನಾನು ಮೆಚ್ಚಿದ್ದು ಅದರೊಳಗಿನ ಲೆಕ್ಕವನ್ನು. ಐವತ್ತೆಂಟು ಮಕ್ಕಳಲ್ಲಿ ಯಾರು ಅನ್ನುವುದು ಸಾಲು ಮತ್ತು ಎಣಿಕೆಯಿಂದ ಗೊತ್ತಾಯಿತು. ಯಾವ ಬಣ್ಣ ಅಂದರೆ ‘ನೀಲಿ’ ಅಂತ ಬರೆದು ಕೈ ತೊಳೆದುಕೊಳ್ಳದೆ ಪಕ್ಕದ ಹುಡುಗಿಯ ಅಂಗಿಯನ್ನೇ ತೋರಿಸಿದ್ದಾರೆ. ಸಾಲಿಯ ಒಪ್ಪಿಗೆ ಪಡೆದಿದ್ದಾರೆ, ಹಣದ ಮಾತು ಮುಚ್ಚಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಇಷ್ಟೆಲ್ಲ ಬಲ್ಲವರು ಬಣ್ಣದ ಜೊತೆಗೆ ಬದುಕುವವರೇ ಇರಬೇಕು ಅಂದುಕೊಂಡೆ. ಫೋನು ಮಾಡಿದಾಗ ಆ ಕಡೆಯಿಂದ ಮಗ್ಗದ ಸಪ್ಪಳ ಕೇಳಿಸಿತು. ಶಿಗ್ಲಿ ನೇಕಾರರ ಊರು. ಇಲ್ಲಿ ಓಣಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಬೇಕಾದರೆ ದನಿ ಏರಿಸಲೇಬೇಕು.

ಕಾರಣ ಕೇಳಿದೆ. ಹಳೆಯ ಯೂನಿಫಾರ್ಮು ಗಿಡ್ಡ ಆಗಿತ್ತಂತೆ. ಹೊಸದರ ಬಟ್ಟೆ ದರ್ಜಿಯ ಹತ್ತಿರ ಕುಳಿತಿತ್ತಂತೆ. ಫೋಟೋದ ದಿನ ಇನ್ನೇನು ಹಾಕುವುದು ಅಂತ ಪೆಟ್ಟಿಗೆಯಲ್ಲಿದ್ದ ಚಲೋದನ್ನೇ ಹಾಕಿ ಕಳಿಸಿದ್ದರು. ಸರ್ಕಾರಿ ಸಾಲಿಯ ವಿದ್ಯಾವಿಕಾಸ ಯೋಜನೆಯ ಬಟ್ಟೆಯಲ್ಲಿ ಒಂದಷ್ಟನ್ನು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರ ಕೈಯಿಂದಲೇ ನೇಯಿಸುತ್ತದೆ. ನಾಡಿನ ಮಕ್ಕಳ ಯೂನಿಫಾರ್ಮಿಗೆ ಬಟ್ಟೆ ಕೊಡುವ ಕಸುಬಿನವರ ಮನೆಯಲ್ಲೇ ಫೋಟೋದ ದಿನ ಯೂನಿಫಾರ್ಮು ಇರಲಿಲ್ಲ. ಆ ಮಾತನ್ನು ನಾನು ಆಡಲಿಲ್ಲ, ಅವರೇ ಆಡಿ ನಕ್ಕರು.

ಈಗ ಕೆಲಸದ ಮಾತಿಗೆ ಬರೋಣ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಕೆಂಪು ಹೋಗಿ ನೀಲಿ ಬರುತ್ತದೆ ಅಂತ ಬಹಳ ಮಂದಿ ನಂಬಿದ್ದಾರೆ. ಅಂಥ ಗುಂಡಿ ಇಲ್ಲವೆಂದಲ್ಲ, ಇದೆ. ಫೋಟೋಶಾಪಿನಲ್ಲಿ ‘ಹ್ಯೂ’ ಅನ್ನುವ ಒಂದು ಪಟ್ಟಿ ಇದೆ, ಅದನ್ನು ಸರಿಸಿದರೆ ಕೆಂಪು ಹಸಿರಾಗುತ್ತದೆ, ಹಸಿರು ನೀಲಿಯಾಗುತ್ತದೆ. ಆದರೆ ಆ ಗುಂಡಿಗೆ ಪೋಲಕಾ ಯಾವುದು, ತುಟಿ ಯಾವುದು ಅನ್ನುವ ಭೇದ ಗೊತ್ತಿಲ್ಲ. ನಮ್ಮ ಚರ್ಮದ ಬಣ್ಣ ಕೆಂಪು ಮತ್ತು ಕಿತ್ತಳೆಯ ನೆರೆಯಲ್ಲೇ ಇರುತ್ತದೆ. ಹೀಗಾಗಿ ‘ಕೆಂಪನ್ನೆಲ್ಲ ನೀಲಿ ಮಾಡು’ ಅಂದರೆ ಅದು ವಿಧೇಯವಾಗಿ ತುಟಿ, ಕಿವಿಯ ಅಂಚು, ರಿಬ್ಬನ್ನು ಎಲ್ಲವನ್ನೂ ನೀಲಿ ಮಾಡಿ ಕೊಡುತ್ತದೆ. ಎಲ್ಲಿಯೋ ಒಂದು ಕಡೆ ಇಂಥ ಅವಸರದ ಕೆಲಸದಲ್ಲಿ ಮುಂದಿನ ಸಾಲಿನ ಹುಡುಗಿಯರ ಹಣೆಯ ಕುಂಕುಮವೆಲ್ಲ ನೀಲಿಯಾಗಿ, ಫೋಟೋ ಹಂಚಿದ ಮೇಲೆ ಊರೆಲ್ಲ ನಕ್ಕದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಮೊದಲ ಕೆಲಸ ಗಡಿ ಹಾಕುವುದು. ಪೋಲಕಾದ ಸುತ್ತ ಪೆನ್ ಟೂಲಿನಿಂದ ಗೆರೆ ಎಳೆಯಬೇಕು. ಹೆಗಲ ಮೇಲೆ ಇಳಿದ ಜಡೆ, ಮುಂದಿನ ಸಾಲಿನ ಹುಡುಗನ ತಲೆ, ಗೆಳತಿ ತೋಳಿನ ಮೇಲೆ ಇಟ್ಟ ಬೆರಳು ಇವೆಲ್ಲ ಗೆರೆಯ ಹೊರಗೆ ಉಳಿಯಬೇಕು. ಹೀಗೆ ಬಿಡಿಸಿದ ಆಕಾರವನ್ನು ಮಾಸ್ಕ್ ಅನ್ನುತ್ತೇವೆ. ಮಾಸ್ಕಿನ ಒಳಗೆ ಏನು ಮಾಡಿದರೂ ಹೊರಗಿನದಕ್ಕೆ ತಾಗುವುದಿಲ್ಲ. ಒಂದು ಅಂಗಿಗೆ ಇದೇ ಅರ್ಧ ತಾಸು ತಿನ್ನುತ್ತದೆ.

ಇಲ್ಲಿಯೇ ಮೂಲ ಫೈಲಿನ ಮಾತು ಬರುತ್ತದೆ. ಆ ತಾಯಿ ಗ್ರೂಪಿನಲ್ಲಿ ಬಂದ ಫೋಟೋವನ್ನೇ ನನಗೆ ತಿರುಗಿ ಕಳಿಸಿದ್ದರು, ‘ಇದರಾಗ ಮಾಡ್ರಿ’ ಅಂತ. ಅದರಲ್ಲಿ ಆಗುವುದಿಲ್ಲ. ನನ್ನ ಕ್ಯಾಮೆರಾದ ಚಿತ್ರ ಅಡ್ಡಗಲಕ್ಕೆ 6000 ಚುಕ್ಕೆಗಳದು. ಒಂದು ಸಾಲಿನಲ್ಲಿ ಹದಿನಾರು ಮಂದಿ ನಿಂತರೆ ಒಬ್ಬೊಬ್ಬರ ಪಾಲಿಗೆ ಮುನ್ನೂರು ಚುಕ್ಕೆಗಿಂತ ಹೆಚ್ಚೇ ಬರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಸುಮಾರು 1600 ಚುಕ್ಕೆಗೆ ಕುಗ್ಗುತ್ತದೆ, ಅಂದರೆ ಒಂದು ಮಗುವಿನ ಪಾಲಿಗೆ ತೊಂಬತ್ತರ ಆಸುಪಾಸು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಹೀಗೆ ಕುಗ್ಗಿಸುವಾಗ ಅದು ಬೆಳಕು-ನೆರಳನ್ನು ಚುಕ್ಕೆ ಚುಕ್ಕೆಗೂ ಉಳಿಸಿಕೊಳ್ಳುತ್ತದೆ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ ಇಡುತ್ತದೆ. ನಮ್ಮ ಕಣ್ಣಿಗೆ ಆ ಉಳಿತಾಯ ಗೊತ್ತಾಗುವುದಿಲ್ಲ. ಬಣ್ಣ ಬದಲಿಸಲು ಹೋದಾಗ ಗೊತ್ತಾಗುತ್ತದೆ. ಪೋಲಕಾದ ಕೆಂಪು ಅಂಚು ದಾಟಿ ಕುತ್ತಿಗೆಗೂ ಪಕ್ಕದವಳ ತೋಳಿಗೂ ಹರಿದಿರುತ್ತದೆ. ಒಳಗೆ ನೀಲಿ ಮಾಡಿದರೆ ಸುತ್ತಲೂ ಕೆಂಪು ನೂಲಿನಂಥ ಗೆರೆ ಉಳಿಯುತ್ತದೆ. ‘ಇದು ಕಂಪ್ಯೂಟರಿನಾಗ ಮಾಡಿದ್ದು’ ಅಂತ ಎಳೆಯ ಮಗುವೂ ಹೇಳುವುದು ಆ ಗೆರೆಯನ್ನು ನೋಡಿಯೇ. ನನ್ನ ಹತ್ತಿರ ಮೂಲ ಫೈಲಿತ್ತು, ಹೀಗಾಗಿ ಚಿಂತೆ ಇರಲಿಲ್ಲ. ಬೇರೆಯವರು ತೆಗೆದ ಫೋಟೋ ಆಗಿದ್ದರೆ ಅವರಿಂದ ‘ಡಾಕ್ಯುಮೆಂಟ್’ ಅಂತ ತರಿಸಿಕೊಂಡೇ ಕೆಲಸಕ್ಕೆ ಕೂಡಬೇಕು.

ಮಾಸ್ಕ್ ಆಯಿತು, ಮೂಲ ಫೈಲೂ ಇದೆ. ಇನ್ನು ಬಣ್ಣ ಹಾಕುವುದು. ಇಲ್ಲಿ ಎರಡು ತೊಡಕು ಎದುರಾದವು.

ಒಂದನೆಯದು ಹೊಳಪಿನದು. ಯೂನಿಫಾರ್ಮಿನ ಲಂಗ ಕಡು ನೀಲಿ, ಅಂಗಿ ತಿಳಿ ನೀಲಿ. ಎರಡನೇ ಸಾಲಿನವರ ಲಂಗವನ್ನು ಮುಂದೆ ಕೂತವರ ತಲೆಗಳು ಮುಚ್ಚಿರುತ್ತವೆ, ಕಾಣುವುದು ಅಂಗಿ ಮಾತ್ರ. ಕಡು ನೀಲಿ ಆಗಿದ್ದರೆ ಸುಲಭವಿತ್ತು, ಕೆಂಪನ್ನು ಇನ್ನಷ್ಟು ಕಪ್ಪಾಗಿಸಿ ನೀಲಿ ಹಾಯಿಸಿದರೆ ಮುಗಿಯುತ್ತಿತ್ತು. ತಿಳಿ ನೀಲಿ ಹಾಗಲ್ಲ. ಕಪ್ಪಿಗೆ ಸೊನ್ನೆ, ಬಿಳಿಗೆ 255 ಅಂತ ಒಂದು ಅಳತೆ ನಮ್ಮಲ್ಲಿದೆ. ಆ ಕೆಂಪು ಪೋಲಕಾದ ಹೊಳಪು ಆ ಅಳತೆಯಲ್ಲಿ 73, ಪಕ್ಕದ ಹುಡುಗಿಯ ತಿಳಿ ನೀಲಿ ಅಂಗಿಯದು 175. ಬರೀ ಬಣ್ಣ ಬದಲಿಸಿದರೆ ಅದು ತಿಳಿ ನೀಲಿ ಆಗುವುದಿಲ್ಲ, ಒದ್ದೆಯಾದ ಕಡು ನೀಲಿ ಆಗುತ್ತದೆ. ಬಲವಂತದಿಂದ 73ನ್ನು 175ಕ್ಕೆ ಎಳೆದರೆ ಬಟ್ಟೆಯ ತುಂಬ ಉಸುಕು ಚೆಲ್ಲಿದಂತೆ ಕಾಳು ಕಾಳು ಏಳುತ್ತದೆ.

ಎರಡನೆಯದು ಖಣದ್ದು. ಗುಳೇದಗುಡ್ಡದ ಖಣ ಅಂದಮೇಲೆ ಅದರಲ್ಲಿ ಬುಟ್ಟಾ ಇರಲೇಬೇಕಲ್ಲ. ಕೆಂಪು ನೆಲದ ಮೇಲೆ ಸಾಸಿವೆಯಷ್ಟು ಹಳದಿ ಬುಟ್ಟಾ, ತೋಳಿಗೆ ಹಳದಿ ಅಂಚು. ನೆಲದ ಬಣ್ಣ ಬದಲಾದರೂ ಬುಟ್ಟಾ ಎಲ್ಲಿ ಹೋಗಬೇಕು? ತಿಳಿ ನೀಲಿ ಯೂನಿಫಾರ್ಮಿನ ಮೇಲೆ ಖಣದ ಬುಟ್ಟಾ ಮೂಡಿದರೆ ಅಂಥ ಯೂನಿಫಾರ್ಮು ಯಾವ ಸಾಲಿಯಲ್ಲೂ ಇಲ್ಲ. ಬಣ್ಣ ಬದಲಿಸುವುದು ಬೇರೆ, ಬಟ್ಟೆ ಬದಲಿಸುವುದು ಬೇರೆ. ಇದನ್ನು ಫೋನಿನಲ್ಲಿ ಹೇಳಿದೆ. ನೇಕಾರ್ತಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ‘ಹೌದ್ರಿ, ಬುಟ್ಟಾ ನೇಯ್ಗಿ ಒಳಗ ಇರ್ತೈತಿ, ಮ್ಯಾಲೆ ಬಣ್ಣ ಹಚ್ಚಿದ್ರ ಹೋಗೂದಿಲ್ಲ’ ಅಂದರು.

ಈ ಎರಡೂ ತೊಡಕಿಗೆ ಉತ್ತರ ಕೊಟ್ಟದ್ದು ಒಂದೇ ಯುಕ್ತಿ, ಅದೂ ಹಳೆಯ ಕಾಲದ್ದು. ಕಪ್ಪು-ಬಿಳುಪು ಫಿಲ್ಮಿನ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು ಗಾಜು ಹಾಕಿ ಚಿತ್ರ ತೆಗೆಯುತ್ತಿದ್ದರು. ಕೆಂಪು ಗಾಜು ಕೆಂಪು ಬೆಳಕನ್ನು ಸರಾಗ ಬಿಡುತ್ತದೆ, ನೀಲಿಯನ್ನು ತಡೆಯುತ್ತದೆ. ಹೀಗಾಗಿ ಆಕಾಶ ಕಪ್ಪಾಗಿ ಮೋಡ ಎದ್ದು ಕಾಣುತ್ತಿತ್ತು, ಕೆಂಪು ವಸ್ತು ಬೆಳ್ಳಗೆ ಕಾಣುತ್ತಿತ್ತು. ಇವತ್ತಿನ ಪ್ರತಿ ಡಿಜಿಟಲ್ ಚಿತ್ರದೊಳಗೂ ಆ ಗಾಜು ಅಡಗಿದೆ. ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಅನ್ನುವ ಮೂರು ಪದರು. ಅವುಗಳಲ್ಲಿ ಕೆಂಪು ಪದರನ್ನಷ್ಟೇ ತೆರೆದು ಕಪ್ಪು-ಬಿಳುಪಿನಲ್ಲಿ ನೋಡಿದೆ. ಒಟ್ಟು ಹೊಳಪಿನಲ್ಲಿ 73 ಇದ್ದ ಪೋಲಕಾ ಆ ಪದರಿನಲ್ಲಿ 170 ಇತ್ತು. ಅಂದರೆ ತಿಳಿ ನೀಲಿ ಅಂಗಿಯ ಹೊಳಪು ಎಳೆದು ತರುವ ಕೆಲಸವೇ ಇಲ್ಲದೆ ಅಲ್ಲೇ ಸಿದ್ಧವಾಗಿತ್ತು, ಮಡಿಕೆ ಸಹಿತ, ಕಾಳು ಇಲ್ಲದೆ. ಇನ್ನೂ ದೊಡ್ಡ ಲಾಭ ಬುಟ್ಟಾದ್ದು. ಹಳದಿಯಲ್ಲೂ ಕೆಂಪು ಬೆಳಕು ತುಂಬಿರುತ್ತದೆ. ಕೆಂಪಿಗೂ ಹಳದಿಗೂ ಇರುವ ಅಂತರವೆಲ್ಲ ಹಸಿರು ಪದರಿನಲ್ಲಿ. ಕೆಂಪು ಪದರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಬುಟ್ಟಾ ತಾನಾಗಿಯೇ ಮುಕ್ಕಾಲು ಪಾಲು ಮಾಯವಾಯಿತು. ಉಳಿದದ್ದನ್ನು, ತೋಳಿನ ಅಂಚನ್ನು, ಪಕ್ಕದ ಬಟ್ಟೆಯಿಂದ ತೇಪೆ ಹಾಕಿ ಮುಚ್ಚಿದೆ.

ಈ ಯುಕ್ತಿ ಕೈಕೊಡುವ ಜಾಗವೂ ಒಂದಿದೆ. ಉರಿಬಿಸಿಲಿನಲ್ಲಿ ತೆಗೆದ ಕಡುಗೆಂಪು ಬಟ್ಟೆಯಲ್ಲಿ ಕೆಂಪು ಪದರು ತುಂಬಿ ತುಳುಕಿ 255ಕ್ಕೆ ಹೋಗಿ ನಿಂತಿರುತ್ತದೆ. ಆ ಪದರನ್ನು ತೆರೆದರೆ ಬಟ್ಟೆ ಸುಣ್ಣ ಬಳಿದ ಗೋಡೆ, ಒಂದು ಮಡಿಕೆಯೂ ಇಲ್ಲ. ಆಗ ಯಾವ ಬಣ್ಣ ಹಚ್ಚಿದರೂ ಅದು ರಟ್ಟು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅಂಥದ್ದಕ್ಕೆ ಕೈ ಹಾಕದೆ ‘ಆಗೂದಿಲ್ರಿ’ ಅಂದುಬಿಡುವುದು ಲೇಸು. ಈ ಫೋಟೋ ಮುಂಜಾನೆ ಸಾಲಿಯ ಕಟ್ಟಡದ ನೆರಳಿನಲ್ಲಿ ತೆಗೆದದ್ದು, ಹೀಗಾಗಿ ಉಳಿಯಿತು. ಬಿಳಿ ಅಂಗಿಗೆ ಬಣ್ಣ ಹಾಕುವುದು ಇದಕ್ಕಿಂತ ಹಗುರ, ಕಪ್ಪು ಬಟ್ಟೆಯನ್ನು ಬಿಳಿ ಮಾಡುವುದು ಎಲ್ಲಕ್ಕಿಂತ ಭಾರ. ಕಪ್ಪಿನಲ್ಲಿ ಮೂರು ಪದರುಗಳೂ ಬರಿದಾಗಿರುತ್ತವೆ, ಎಲ್ಲಿಂದ ಮಡಿಕೆ ತರಬೇಕು?

ಬೂದು ಬಣ್ಣದ ಅಂಗಿ ಸಿದ್ಧವಾದ ಮೇಲೆ ಅದರ ಮೇಲೆ ನೀಲಿಯನ್ನು ತೆಳ್ಳಗೆ ಹಾಯಿಸಿದೆ. ನಮ್ಮ ಹಿರಿಯರು ಸ್ಟುಡಿಯೋಗಳಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಕಪ್ಪು-ಬಿಳುಪು ಫೋಟೋದ ಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಪಾರದರ್ಶಕ ಬಣ್ಣ ತೀಡಿ, ಕೆನ್ನೆಗೆ ಗುಲಾಬಿ, ಸೀರೆಗೆ ಹಸಿರು ತರುತ್ತಿದ್ದರು. ಕೆಳಗಿನ ನೆರಳು ಕಾಣುವಷ್ಟು ತೆಳ್ಳಗಿರಬೇಕು, ಅದೇ ಅದರ ಗುಟ್ಟು. ಗಿರಾಕಿ ಆಗಲೂ ‘ಸೀರಿ ಹಸರ ಮಾಡ್ರಿ’ ಅಂತ ಹೇಳಿಯೇ ಹೋಗುತ್ತಿದ್ದ, ಉಟ್ಟದ್ದು ಯಾವ ಬಣ್ಣದ್ದಾದರೂ. ಬಣ್ಣ ಬದಲಿಸಿ ಕೊಡಿ ಅನ್ನುವ ಕೋರಿಕೆ ಕಂಪ್ಯೂಟರಿಗಿಂತ ಹಳೆಯದು.

ಯಾವ ನೀಲಿ ಅನ್ನುವುದಕ್ಕೆ ತಾಯಿ ಹೇಳಿದ ಪಕ್ಕದ ಹುಡುಗಿಯೇ ಆಧಾರ. ಇದು ಸಣ್ಣ ಮಾತಲ್ಲ. ಒಂದೇ ತಾನಿನ ಬಟ್ಟೆ ಸಾಲಿನ ಈ ತುದಿಯಲ್ಲಿ ಬಿಸಿಲು ಬಿದ್ದು ಒಂದು ನೀಲಿ, ಆ ತುದಿಯಲ್ಲಿ ನೆರಳಿಗೆ ಇನ್ನೊಂದು ನೀಲಿ. ಒಬ್ಬಳ ಅಂಗಿ ಹೊಸದು, ಒಬ್ಬಳದು ಒಗೆದು ಒಗೆದು ಮಾಸಿದ್ದು. ಅಂಗಡಿಯ ತುಂಡು ಬಟ್ಟೆ ತಂದು ‘ಇದರ ಹಂಗ’ ಅಂದರೆ ಅದು ಯಾರ ಅಂಗಿಗೂ ಹೊಂದುವುದಿಲ್ಲ. ಅದೇ ಬೆಳಕಿನಲ್ಲಿ, ಅದೇ ಮಗ್ಗುಲಲ್ಲಿ ನಿಂತವಳ ಅಂಗಿಯೇ ಸರಿಯಾದ ಮಾದರಿ. ಕೊನೆಗೆ ಒಂದು ಕಳ್ಳ ಕೆಂಪು ಉಳಿದಿತ್ತು. ಕೆಂಪು ಪೋಲಕಾದ ಬೆಳಕು ಪುಟಿದು ಹುಡುಗಿಯ ಗದ್ದದ ಕೆಳಗೂ ಪಕ್ಕದವಳ ತೋಳಿನ ಮೇಲೂ ತೆಳ್ಳಗೆ ಕೂತಿತ್ತು. ನೀಲಿ ಅಂಗಿ ಹಾಕಿದವಳ ಗದ್ದ ಕೆಂಪಗಾದರೆ ಕಣ್ಣಿಗೆ ಏನೋ ಕಸಿವಿಸಿ, ಏನೆಂದು ಹೇಳಲು ಬರುವುದಿಲ್ಲ. ಅದನ್ನೂ ತುಸು ತಗ್ಗಿಸಿದ ಮೇಲೆ ಅಂಗಿ ಅವಳದೇ ಆಯಿತು.

ಕೆಲಸ ಮುಗಿಸುವ ಮುನ್ನ ನಾನು ಕೇಳಿದ ಪ್ರಶ್ನೆಯೊಂದಿತ್ತು. ‘ಮಗಳಿಗೆ ಕೇಳೀರೇನ್ರಿ?’ ತಾಯಿ ಸುಮ್ಮನಾದರು. ಆಮೇಲೆ ಫೋನು ಮಗಳ ಕೈಗೆ ಹೋಯಿತು. ಅವಳಿಗೆ ನೀಲಿ ಅಂಗಿಯ ಬಗ್ಗೆ ತಕರಾರೇನೂ ಇರಲಿಲ್ಲ. ‘ಮಾಡ್ರಿ ಅಂಕಲ್, ಆದ್ರ ಟಿಕಳಿ ಕೆಂಪನ ಇರ್ಲಿ’ ಅಂದಳು. ನೀಲಿ ಕುಂಕುಮದ ಸುದ್ದಿ ಇವಳ ಕಿವಿಗೂ ಬಿದ್ದಿತ್ತು ಅಂತ ಕಾಣುತ್ತದೆ. ಕೆಂಪು ಪೋಲಕಾದ ಫೋಟೋನೂ ಒಂದು ಬೇಕು ಅಂತ ಸೇರಿಸಿದಳು. ಅದು ಅವಳ ಅಜ್ಜಿ ಹೊಲಿಸಿಕೊಟ್ಟದ್ದಂತೆ.

ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುವ ಮೊದಲು ಪೋಸ್ಟ್‌ಕಾರ್ಡ್ ಸೈಜಿನ ಒಂದು ಪ್ರತಿ ತೆಗೆಸಿ, ಹೊರಗೆ ಹಗಲು ಬೆಳಕಿಗೆ ಹಿಡಿದು ನೋಡಿದೆ. ತೆರೆಯ ಮೇಲೆ ನೀಲಿ ಬೆಳಗುತ್ತದೆ, ಕಾಗದದ ಮೇಲೆ ಅದು ಕುಗ್ಗುತ್ತದೆ, ಕಡು ನೀಲಿಯಂತೂ ಕಪ್ಪಿಗೇ ಇಳಿದುಬಿಡುತ್ತದೆ. ಆ ಸಣ್ಣ ಪ್ರತಿಯಲ್ಲಿ ಯಾವ ಹುಡುಗಿಯ ಅಂಗಿ ತಿದ್ದಿದ್ದು ಅಂತ ಪಕ್ಕದ ಚಹಾ ಅಂಗಡಿಯವರಿಗೆ ಕೇಳಿದೆ. ಅವರು ಬಹಳ ಹೊತ್ತು ನೋಡಿ ಬೇರೆ ಯಾವಳನ್ನೋ ತೋರಿಸಿದರು. ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಇಷ್ಟಾದರೂ ಒಂದು ವಿಷಯದಲ್ಲಿ ನಾನು ಹಟಮಾರಿ. ತಿದ್ದಿದ ಪ್ರತಿ ಮನೆಗೆ, ತಿದ್ದದ ಪ್ರತಿ ಸಾಲಿಗೆ. ಹೆಡ್‌ಮಾಸ್ತರರು ‘ಎಲ್ಲಾ ಕಾಪಿನೂ ನೀಲಿನ ಮಾಡ್ರಿ, ಒಂದೇ ಸಮ ಕಾಣ್ತೈತಿ’ ಅಂದರು. ನಾನು ಒಪ್ಪಲಿಲ್ಲ. ಮನೆಯ ಫೋಟೋ ಮನೆಯವರ ಸಂತೋಷಕ್ಕೆ ಇರುವುದು, ಅದರಲ್ಲಿ ಅವರು ಬೇಡಿದ ಬಣ್ಣ ಇರಲಿ. ಸಾಲಿಯ ಗೋಡೆಯ ಫೋಟೋ ಆ ವರ್ಷದ ದಾಖಲೆ. ಆ ದಿನ ಒಬ್ಬಳಿಗೆ ಯೂನಿಫಾರ್ಮು ಹೊಲಿದು ಬಂದಿರಲಿಲ್ಲ, ಆದರೂ ಅವಳನ್ನು ಹೊರಗಿಡದೆ ಸಾಲಿನ ನಡುವೆಯೇ ನಿಲ್ಲಿಸಿದರು ಅನ್ನುವುದೂ ಆ ದಾಖಲೆಯಲ್ಲಿ ಸೇರಿದೆ. ಹಾಗೆ ನಿಲ್ಲಿಸಿದ ಮಾಸ್ತರರ ಒಳ್ಳೆಯತನವನ್ನು ಅವರ ಮಾತು ಕೇಳಿ ನಾನೇಕೆ ಅಳಿಸಲಿ ಅಂತ ಕೇಳಿದಾಗ ಅವರೂ ನಕ್ಕು ಸುಮ್ಮನಾದರು.

ಬರುವ ಫೆಬ್ರುವರಿಗೆ ಇಂಥ ಸಂದೇಶ ಬರೆಯುವವರಿದ್ದರೆ ಆ ತಾಯಿ ಬರೆದಂತೆಯೇ ಬರೆಯಿರಿ. ಯಾವ ಸಾಲು, ಎಷ್ಟನೆಯವರು, ಯಾರ ಅಂಗಿಯ ಹಾಗೆ ಆಗಬೇಕು ಇಷ್ಟು ಹೇಳಿ. ಸಾಲಿಯವರ ಹೂಂ ಪಡೆಯಿರಿ. ಬೇರೆ ಕಡೆ ತೆಗೆದ ಫೋಟೋ ಆದರೆ ಮೂಲ ಫೈಲ್ ತನ್ನಿ. ಅದಕ್ಕೂ ಮೊದಲು, ಯಾರ ಅಂಗಿಯ ಬಣ್ಣ ಬದಲಾಗಬೇಕೋ ಆ ಮಗುವನ್ನು ಒಂದು ಮಾತು ಕೇಳಿ. ಮಗು ಬೇಡ ಅಂದರೆ ಬೇಡ. ಉಳಿದದ್ದೆಲ್ಲ ಒಂದು ಸಂಜೆಯ ಕೆಲಸ, ಮಾಡಿ ಕೊಡುತ್ತೇವೆ.